ಕಟ್ಟದೆ ಬಿಟ್ಟ ಕೆಲಸ

ಸಾಫ್ಟ್‌ವೇರ್ ಎಂಜಿನಿಯರ್ ಆಗಿ ಹನ್ನೆರಡು ವರ್ಷ ದುಡಿದಿದ್ದೇನೆ. ಈಗ ಪ್ರಾಡಕ್ಟ್ ಮ್ಯಾನೇಜರ್ ಆಗಬೇಕೆಂದು ಹೊರಟಿದ್ದೇನೆ. ಹೀಗೆ ದಾರಿ ಬದಲಿಸುವವರು ಮೊದಲು ಮಾಡಬೇಕಾದ ಕೆಲಸವೆಂದರೆ ಲಿಂಕ್ಡ್‌ಇನ್‌ನಲ್ಲಿ ತಮ್ಮ ಬಗ್ಗೆ ಇರುವ ಬರಹವನ್ನು ತೆಗೆದು ಹೊಸದಾಗಿ ಬರೆಯುವುದು. ಅಲ್ಲಿ ಸಿಗುವ ಜಾಗ 2,600 ಅಕ್ಷರ. ಅದರಲ್ಲೂ ಮೊದಲ ಕೆಲವು ಸಾಲು ಮಾತ್ರ ಕಣ್ಣಿಗೆ ಬೀಳುತ್ತವೆ. ಉಳಿದದ್ದನ್ನು ಬೇಕೆನ್ನಿಸಿದವರು ಒತ್ತಿ ತೆರೆದು ಓದಬೇಕು. ಓದುವವರು ಎರಡು ಬಗೆಯವರು. ರಿಕ್ರೂಟರ್ ನನ್ನ ಮುಖ ಕಂಡವರಲ್ಲ, ಬರೆದದ್ದೇ ಅವರಿಗೆ ಆಧಾರ. ಸಹೋದ್ಯೋಗಿಗಳು ಪಕ್ಕದಲ್ಲೇ ಕೂತು ಕೆಲಸ ಮಾಡಿದವರು. ಯಾವ ತೀರ್ಮಾನ ಯಾರದು, ಯಾರು ರಾತ್ರಿ ಕೂತು ಸರಿಮಾಡಿದರು, ಯಾರು ಸಭೆಯಲ್ಲಿ ತಲೆಯಾಡಿಸಿ ಸುಮ್ಮನಿದ್ದರು ಎಲ್ಲ ಅವರಿಗೆ ಗೊತ್ತು. ಒಂದೇ ಬರಹ ಈ ಇಬ್ಬರ ಮುಂದೆಯೂ ನಿಲ್ಲಬೇಕು. ಅದನ್ನು ಬರೆಯಲು ಕೂತಾಗ ನನ್ನ ಕೆಲಸವನ್ನೇ ಮತ್ತೆ ಮೊದಲಿನಿಂದ ನೋಡಬೇಕಾಯಿತು. ಹಾಗೆ ನೋಡಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ಹಳೆಯ ಬರಹದಲ್ಲಿ ಜಾವಾ, ಪೋಸ್ಟ್‌ಗ್ರೆಸ್, ಕಾಫ್ಕಾ, ಸೆಕೆಂಡಿಗೆ ಎಷ್ಟು ವಿನಂತಿ ತಡೆಯಬಲ್ಲ ವ್ಯವಸ್ಥೆ ಕಟ್ಟಿದೆ ಎಂಬ ಸಂಗತಿಗಳಿದ್ದವು. ಎಂಜಿನಿಯರ್ ಹುಡುಕುವವರಿಗೆ ಅದು ಸಾಕು. ಏನು ಕಟ್ಟಬಲ್ಲೆ ಎಂಬುದೇ ಅಲ್ಲಿ ಪ್ರಶ್ನೆ. ಪ್ರಾಡಕ್ಟ್ ಮ್ಯಾನೇಜರ್ ಹುಡುಕುವವರ ಪ್ರಶ್ನೆ ಬೇರೆ. ಯಾರ ಯಾವ ತೊಂದರೆಯನ್ನು ಆರಿಸಿಕೊಂಡೆ, ಅದು ನಿಜವಾದ ತೊಂದರೆ ಎಂದು ಹೇಗೆ ತಿಳಿದೆ, ಎದುರಿಗಿದ್ದ ದಾರಿಗಳಲ್ಲಿ ಯಾವುದನ್ನು ಬಿಟ್ಟೆ, ಬಿಟ್ಟದ್ದರಿಂದ ಯಾರಿಗೆ ಏನು ಕಡಿಮೆಯಾಯಿತು, ಫಲ ಬಂತೆಂದು ಹೇಗೆ ಗೊತ್ತಾಯಿತು. ಈ ಪ್ರಶ್ನೆಗಳನ್ನು ಇಟ್ಟುಕೊಂಡು ನನ್ನ ಹನ್ನೆರಡು ವರ್ಷವನ್ನು ಜಾಲಿಸಿದಾಗ, ಕಟ್ಟಿದ ಕೆಲಸಗಳು ಬಹಳ ಸಿಕ್ಕವು, ಆರಿಸಿದ ಕೆಲಸಗಳು ಕಡಿಮೆ ಸಿಕ್ಕವು. ಪೂರ್ತಿ ಗಟ್ಟಿಯಾಗಿ ಉಳಿದದ್ದು ಒಂದು. ಅದು ಉದ್ರಿ ಲೆಕ್ಕದ ಕೆಲಸ.

ನನ್ನ ಊರು ಗಬ್ಬೂರು. ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿರುವ, ಚಾಲುಕ್ಯರ ಕಾಲದ ಗುಡಿಗಳೂ ಶಾಸನಗಳೂ ಇರುವ ಊರು. ಇತಿಹಾಸ ಓದುವವರಿಗೆ ಗಬ್ಬೂರು ಗೊತ್ತಿರುವುದು ಆ ಗುಡಿಗಳಿಂದ. ನನಗೆ ಗೊತ್ತಿರುವುದು ಬೀಜ, ಗೊಬ್ಬರ, ಎಣ್ಣಿ ಮಾರುವ ಅಂಗಡಿಗಳ ಕಟ್ಟೆಯಿಂದ. ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಕ್ಕೆ ಎಣ್ಣಿ ಎನ್ನುತ್ತಾರೆ. ಮುಂಗಾರು ಶುರುವಾದಾಗ ಬೀಜ, ಗೊಬ್ಬರ, ಆಮೇಲೆ ಎಣ್ಣಿ, ಎಲ್ಲವೂ ಬಹುಮಟ್ಟಿಗೆ ಉದ್ರಿಯಲ್ಲೇ ಹೋಗುತ್ತವೆ. ರೊಕ್ಕ ಬರುವುದು ಬೆಳೆ ಮಾರಿದ ಮೇಲೆ. ಆ ನಡುವಿನ ತಿಂಗಳುಗಳ ಲೆಕ್ಕವನ್ನು ಅಂಗಡಿಯವರು ಉದ್ದನೆಯ ಖಾತೆ ಪುಸ್ತಕದಲ್ಲಿ ಬರೆದಿಡುತ್ತಾರೆ.

ನಾನು ಕೆಲಸ ಮಾಡುತ್ತಿದ್ದ ಬೆಂಗಳೂರಿನ ಸಂಸ್ಥೆ ಇಂಥ ಅಂಗಡಿಗಳಿಗಾಗಿಯೇ ಒಂದು ಆ್ಯಪ್ ಮಾಡಿತ್ತು. ಅಂಗಡಿಯವರು ಮಾರಿದ್ದನ್ನು ಆ್ಯಪ್‌ನಲ್ಲಿ ಬರೆದರೆ ಬಾಕಿ ತಾನಾಗಿಯೇ ಕೂಡಿಕೊಳ್ಳುತ್ತದೆ, ಬಾಕಿ ಕಟ್ಟುವ ದಿನ ಬಂದಾಗ ರೈತರ ಮೊಬೈಲ್‌ಗೆ ನೆನಪಿನ ಸಂದೇಶ ಹೋಗುತ್ತದೆ. ಈ ನೆನಪಿನ ಸಂದೇಶವೇ ಆ್ಯಪ್‌ನ ದೊಡ್ಡ ಅನುಕೂಲ ಎಂದು ಎಲ್ಲೆಡೆ ಹೇಳಿ ಮಾರುತ್ತಿದ್ದೆವು. ಸಂದೇಶ ಕಳಿಸುವ ವ್ಯವಸ್ಥೆ ನನ್ನ ತಂಡದ್ದು. ಕಳಿಸಿದ್ದರಲ್ಲಿ ಎಷ್ಟು ತಲುಪಿದವು ಎಂಬ ಫಲಕ ಸದಾ ಹಸಿರಾಗಿಯೇ ಇರುತ್ತಿತ್ತು. ಆದರೂ ದೇವದುರ್ಗ, ಮಾನ್ವಿ, ರಾಯಚೂರು ತಾಲೂಕುಗಳ ಅಂಗಡಿಯವರು ಶುರುವಾದ ಕೆಲವೇ ವಾರಗಳಲ್ಲಿ ನೆನಪಿನ ಸಂದೇಶವನ್ನು ಬಂದ್ ಮಾಡಿಬಿಡುತ್ತಿದ್ದರು. ಸೆಟ್ಟಿಂಗ್ ಸಿಗುವುದು ಕಷ್ಟವಾಗಿ, ತಪ್ಪಿ ಒತ್ತುತ್ತಿರಬಹುದು ಎಂದು ಸಭೆಯಲ್ಲಿ ಮಾತಾಯಿತು. ಆ ಸೆಟ್ಟಿಂಗ್ ಸಿಗುವುದು ಕಷ್ಟ ನಿಜ. ಸಿಗುವುದು ಅಷ್ಟು ಕಷ್ಟವಿರುವುದನ್ನು ಹುಡುಕಿ ಬಂದ್ ಮಾಡುತ್ತಾರೆ ಎಂದರೆ ಅದು ಕೈತಪ್ಪಿ ಆದದ್ದಲ್ಲ ಎಂದು ನನಗೆ ಅನ್ನಿಸಿತು.

ಮೊದಲ ಸುಳಿವು ಸಿಕ್ಕಿದ್ದು ಡೇಟಾಬೇಸಿನಲ್ಲಿ. ಉದ್ರಿ ಬರೆಯುವ ಕೋಷ್ಟಕದಲ್ಲಿ ಈ ಸಾಲಿತ್ತು:

```
due_date  DATE  NOT NULL
```

ಎಂದರೆ ಬಾಕಿ ಕಟ್ಟುವ ದಿನಾಂಕ ತುಂಬದೆ ಉದ್ರಿ ಬರೆಯಲು ಬರುವುದಿಲ್ಲ. ಅಂಗಡಿಯವರ ಕೆಲಸ ಹಗುರಾಗಲಿ ಎಂದು ಆ ಖಾನೆಯಲ್ಲಿ ಮಾರಿದ ದಿನದಿಂದ 30 ದಿನ ಎಂದು ಆ್ಯಪ್ ತಾನೇ ತುಂಬಿ ಕೊಡುತ್ತಿತ್ತು. ಮಾರಿದ ದಿನಕ್ಕೂ ಬಾಕಿ ದಿನಕ್ಕೂ ಎಷ್ಟು ಅಂತರ ಎಂದು ಎಣಿಸಿ ನೋಡಿದೆ. ರಾಯಚೂರು ಜಿಲ್ಲೆಯ ಅಂಗಡಿಗಳಲ್ಲಿ ಹೆಚ್ಚುಕಡಿಮೆ ಎಲ್ಲ ಉದ್ರಿಗೂ 30 ದಿನ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮನುಷ್ಯರು ತಾವೇ ವಾಯಿದೆ ಕೊಟ್ಟರೆ ಅಂಕಿಗಳು ಹರಡಿಕೊಳ್ಳುತ್ತವೆ. ಅಮಾವಾಸ್ಯೆಗೆ, ಹಬ್ಬಕ್ಕೆ, ತಿಂಗಳ ಮೊದಲಿಗೆ ಎಂದು ಗುಂಪಾಗುತ್ತವೆ. ಎಲ್ಲವೂ ಒಂದೇ ಅಂಕಿಯಲ್ಲಿ ನಿಂತಿವೆ ಎಂದರೆ ಯಾರೂ ಆ ಖಾನೆಯನ್ನು ಮುಟ್ಟಿಲ್ಲ ಎಂದೇ ಅರ್ಥ. ತುಂಬಲೇಬೇಕೆಂದು ನಾವು ಹಟ ಹಿಡಿದದ್ದರಿಂದ, ಆ ಸಾಲದ ಬಗ್ಗೆ ಯಾರೂ ಹೇಳದ ಒಂದು ಸಂಗತಿಯನ್ನು ನಮ್ಮ ಆ್ಯಪ್ ತಾನೇ ಬರೆದುಕೊಂಡು, ಅದನ್ನೇ ನಂಬಿ, ರೈತರಿಗೆ ಸಂದೇಶ ಕಳಿಸುತ್ತಿತ್ತು.

ಈ ಅಂಕಿಯನ್ನು ಹಿಡಿದುಕೊಂಡು ಊರಿಗೆ ಹೋದಾಗ ಪರಿಚಯದ ಅಂಗಡಿಯವರ ಹತ್ತಿರ ಕೂತೆ. ಅವರ ಮೇಜಿನ ಮೇಲೆ ಆಧಾರ್ ಬೆರಳಚ್ಚು ತೆಗೆದುಕೊಂಡು ಸಬ್ಸಿಡಿ ಗೊಬ್ಬರ ಕೊಡುವ ಪಿಒಎಸ್ ಯಂತ್ರ, ಬಿಲ್ ಪುಸ್ತಕ, ಖಾತೆ ಪುಸ್ತಕ, ಇವುಗಳ ಪಕ್ಕದಲ್ಲಿ ನಮ್ಮ ಆ್ಯಪ್ ಇರುವ ಮೊಬೈಲ್. ಒಂದು ಚೀಲ ಗೊಬ್ಬರ ಮಾರಿದರೆ ನಾಲ್ಕು ಕಡೆ ಬರೆಯುವ ಕೆಲಸ. ಖಾತೆ ಪುಸ್ತಕ ತೋರಿಸಿ ಎಂದೆ. ಪ್ರತಿ ಹೆಸರಿನ ಮುಂದೆ ಕೊಟ್ಟ ತಾರೀಖು ಇತ್ತು, ಮೊತ್ತ ಇತ್ತು, ತೀರಿಸುವ ತಾರೀಖು ಎಲ್ಲೂ ಇರಲಿಲ್ಲ. ಅದರ ಬದಲು ಅಂಚಿನಲ್ಲಿ ಸಣ್ಣಗೆ ‘ಹತ್ತಿ’ ಎಂದೋ ‘ನೆಲ್ಲು’ ಎಂದೋ ‘ಮೆಣಸಿನಕಾಯಿ’ ಎಂದೋ ಬರೆದಿತ್ತು.

“ತಾರೀಖು ಯಾಕ ಬರದಿಲ್ಲ ಕಾಕಾ?” ಎಂದೆ.

“ತಾರೀಖು ನೋಡಿ ಯಾರ ಕೊಡ್ತಾರ ತಮ್ಮಾ? ಹತ್ತಿ ಬಿಡಿಸಿ ಗಂಜಿಗೆ ಒಯ್ದ ಮ್ಯಾಲ ಕೊಡ್ತಾರ. ನಿಮ್ಮ ಮೆಸೇಜು ಹೊಲದಾಗ ಹತ್ತಿ ಮೊಣಕಾಲುದ್ದ ಇದ್ದಾಗ ಹೋತು. ಅವ ಮನಿಗೇ ಬಂದ. ‘ನನ್ನ ಮ್ಯಾಲ ನಂಬಿಕಿ ಇಲ್ಲೇನು’ ಅಂತ ಕೇಳಿದ. ನಾ ಏನಂತ ಹೇಳ್ಲಿ? ಅವತ್ತೇ ಬಂದ್ ಮಾಡಿದೆ.”

ನಮ್ಮ ಸಭೆಗಳಲ್ಲಿ ಯಾರಿಗೂ ಹೊಳೆಯದಿದ್ದ ಕಾರಣ ಇದು. ಅಂಗಡಿಯವರಿಗೆ ಬಾಕಿ ತಡವಾಗುವ ಭಯಕ್ಕಿಂತ ಗಿರಾಕಿ ಪಕ್ಕದ ಅಂಗಡಿಗೆ ಹೋಗುವ ಭಯ ಹೆಚ್ಚು. ಹೋದವರು ಹಳೆಯ ಬಾಕಿ ತೀರಿಸುವುದೂ ನಿಧಾನವಾಗುತ್ತದೆ. ಬೆಳೆ ನಿಂತಿರುವಾಗ ರೊಕ್ಕ ಕೇಳುವುದು ಈ ವ್ಯವಹಾರದಲ್ಲಿ ಮರ್ಯಾದೆ ಮೀರಿದ ಮಾತು, ಮತ್ತು ಆ ಮಾತನ್ನು ನಾವು ಅಂಗಡಿಯ ಹೆಸರಿನಲ್ಲಿ ಆಡುತ್ತಿದ್ದೆವು.

ಎಂಜಿನಿಯರ್ ಆಗಿ ನನಗೆ ತಕ್ಷಣ ಹೊಳೆದ ಪರಿಹಾರವನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಈ ಆತ್ಮಾವಲೋಕನದ ತಿರುಳೇ ಅದು. ದಿನಾಂಕದ ಬದಲು ಬೆಳೆ ಕೇಳೋಣ. ಪ್ರತಿ ತಾಲೂಕಿಗೂ ಒಂದು ಬೆಳೆ ಪಂಚಾಂಗ ಕಟ್ಟೋಣ. ಬಿತ್ತನೆ ಯಾವಾಗ, ಎಷ್ಟು ದಿನದ ಬೆಳೆ, ಮಾರುಕಟ್ಟೆಗೆ ಯಾವಾಗ ಬರುತ್ತದೆ ಎಂದು ತುಂಬಿಟ್ಟರೆ ಬಾಕಿ ದಿನಾಂಕವನ್ನು ಆ್ಯಪ್ ತಾನೇ ಲೆಕ್ಕ ಹಾಕುತ್ತದೆ. ಬಸ್ಸಿನಲ್ಲಿ ವಾಪಸ್ ಬರುವಾಗಲೇ ಕೋಷ್ಟಕಗಳ ರೂಪ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಕಟ್ಟಲು ಬಹಳ ಚೆಂದದ ಕೆಲಸ ಅದು. ಹಳೆಯ ನಾನಾಗಿದ್ದರೆ ಮೂರು ತಿಂಗಳು ಅದರಲ್ಲೇ ಸಂತೋಷವಾಗಿ ಇರುತ್ತಿದ್ದೆ.

ಅದನ್ನು ಕಟ್ಟಬಾರದು ಎಂದು ತೀರ್ಮಾನಿಸಿದ್ದು ಬೆಳೆಗಳನ್ನೇ ಒಂದೊಂದಾಗಿ ಹಿಡಿದು ನೋಡಿದಾಗ. ನೆಲ್ಲು ಒಂದೇ ಸಲ ಕೊಯ್ಲಾಗುತ್ತದೆ, ಮಾರಿದ ದಿನ ರೊಕ್ಕ ಒಟ್ಟಿಗೆ ಬರುತ್ತದೆ. ಹತ್ತಿ ಹಾಗಲ್ಲ. ಮಳೆಗಾಲ ಮುಗಿದ ಮೇಲೆ ಬಿಡಿಸಲು ಶುರುಮಾಡಿದರೆ ಸಂಕ್ರಾಂತಿಯ ಆಚೆಗೂ ಕಂತು ಕಂತಾಗಿ ಬಿಡಿಸುತ್ತಾರೆ, ರೊಕ್ಕವೂ ಕಂತಾಗಿ ಬರುತ್ತದೆ, ಉದ್ರಿಯೂ ಕಂತಾಗಿ ತೀರುತ್ತದೆ. ಕೂಲಿಯವರು ಸಿಗದಿದ್ದರೆ ಒಂದು ಬಿಡಿಸುವಿಕೆ ಹದಿನೈದು ದಿನ ಮುಂದೆ ಹೋಗುತ್ತದೆ. ದರ ಬಿದ್ದರೆ ಮನೆಯಲ್ಲೇ ಒಟ್ಟಿಕೊಂಡು ಕಾಯುವವರೂ ಇದ್ದಾರೆ. ಮೆಣಸಿನಕಾಯಿ ಇನ್ನೂ ತಡ, ಒಣಗಿಸಬೇಕು. ಅದು ರಾಯಚೂರಿನ ರಾಜೇಂದ್ರ ಗಂಜ್ ಬಿಟ್ಟು ಬ್ಯಾಡಗಿಯ ದಾರಿ ಹಿಡಿಯುವುದೂ ಉಂಟು.

ಇದರ ಮೇಲೆ ನೀರಿನ ಮಾತು. ದೇವದುರ್ಗದ ಹೊಲಗಳಿಗೆ ಕೃಷ್ಣೆಯ ನೀರು ನಾರಾಯಣಪುರ ಬಲದಂಡೆ ಕಾಲುವೆಯಿಂದ ಬರುತ್ತದೆ, ಮಾನ್ವಿಗೆ ತುಂಗಭದ್ರೆಯ ನೀರು ಎಡದಂಡೆ ಕಾಲುವೆಯಿಂದ. ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂಬುದು ಆ ವರ್ಷ ಅಣೆಕಟ್ಟಿನಲ್ಲಿ ಎಷ್ಟಿದೆ ಎಂಬುದನ್ನು ನೋಡಿ ತೀರ್ಮಾನವಾಗುತ್ತದೆ. ಕಾಲುವೆಯ ಕೊನೆ ಭಾಗದವರಿಗೆ ನೀರು ಬಿಟ್ಟರೂ ಮುಟ್ಟುತ್ತದೆಂಬ ಭರವಸೆಯಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ, ತುಂಬಿದ್ದ ಅಣೆಕಟ್ಟಿನ ನೀರನ್ನು ನದಿಗೆ ಬಿಡಬೇಕಾಯಿತು. ನಾನು ಮನಸ್ಸಿನಲ್ಲಿ ಕಟ್ಟಿದ್ದ ಪಂಚಾಂಗಕ್ಕೆ ಆ ರಾತ್ರಿ ಏನು ಗೊತ್ತಿರುತ್ತಿತ್ತು? ಏನೂ ಇಲ್ಲ. ಅದು ಮೊದಲಿನ ಹಾಗೆಯೇ ಮಾನ್ವಿಯ ಪ್ರತಿ ಉದ್ರಿಗೂ ಒಂದು ದಿನಾಂಕ ಹಾಕಿಕೊಂಡು ಕೂತಿರುತ್ತಿತ್ತು. 30 ದಿನ ಎಂಬ ಸುಳ್ಳಿಗಿಂತ ಅದು ಹೆಚ್ಚು ಅಪಾಯದ್ದು, ಯಾಕೆಂದರೆ ಲೆಕ್ಕ ಹಾಕಿ ಬಂದ ದಿನಾಂಕ ನೋಡುವವರಿಗೆ ನಿಜವೆಂದೇ ಕಾಣುತ್ತದೆ.

ಆದ್ದರಿಂದ ನಾನು ಬರೆದುಕೊಟ್ಟ ಪ್ರಸ್ತಾವ ಬಹಳ ಚಿಕ್ಕದು. ದಿನಾಂಕ ಕಡ್ಡಾಯವಲ್ಲ. ಬೇಕಿದ್ದರೆ ಬೆಳೆಯ ಹೆಸರು ಬರೆಯಿರಿ, ಖಾತೆ ಪುಸ್ತಕದ ಅಂಚಿನಲ್ಲಿ ಬರೆಯುವಂತೆಯೇ. ಆ ಹೆಸರಿನಿಂದ ಆ್ಯಪ್ ಯಾವ ಲೆಕ್ಕವನ್ನೂ ಹಾಕುವುದಿಲ್ಲ. ಅಂಗಡಿಯವರು ‘ಹತ್ತಿ’ ಎಂದು ಹುಡುಕಿದರೆ ಹತ್ತಿಯ ಬಾಕಿಗಳೆಲ್ಲ ಒಟ್ಟಿಗೆ ಕಾಣುತ್ತವೆ, ಅಷ್ಟೇ. ಯಾರಿಗೆ ಯಾವಾಗ ಕೇಳಬೇಕೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

```
due_date  DATE  NULL
crop      TEXT  NULL
```

ಇದಕ್ಕೆ ಅಡ್ಡ ಬಂದವರ ಮಾತಿನಲ್ಲೂ ಸತ್ಯವಿತ್ತು. ಅಂಗಡಿಗಳಿಗೆ ಸಾಲ ಕೊಡುವ ಒಂದು ಹಣಕಾಸು ಸಂಸ್ಥೆಯ ಜೊತೆ ಮಾರಾಟ ವಿಭಾಗ ಮಾತುಕತೆಯಲ್ಲಿತ್ತು. ಅವರಿಗೆ 30 ದಿನ ಮೀರಿದ ಬಾಕಿ ಎಷ್ಟು, 60 ದಿನ ಮೀರಿದ್ದು ಎಷ್ಟು, 90 ದಿನ ಮೀರಿದ್ದು ಎಷ್ಟು ಎಂಬ ವರದಿ ಬೇಕು. ದಿನಾಂಕವೇ ಖಾಲಿ ಬಿಟ್ಟರೆ ಆ ವರದಿ ಹೇಗೆ ಕೊಡುವುದು? ನಾನು ಆ ವರದಿಯನ್ನೇ ಬಿಡಿಸಿ ತೋರಿಸಿದೆ. ನಮ್ಮಲ್ಲಿರುವ ದಿನಾಂಕಗಳೆಲ್ಲ ಆ್ಯಪ್ ತಾನೇ ತುಂಬಿದವು, ಆದ್ದರಿಂದ ಈಗಿನ ವರದಿಯಲ್ಲಿ ‘ಮೀರಿದ ದಿನ’ ಎಂದು ಕಾಣುವುದು ಬಿಲ್ ಆದ ದಿನಗಳಿಂದ 30 ಕಳೆದ ಅಂಕಿ ಮಾತ್ರ. ಹಾಗಿದ್ದರೆ ಬಿಲ್ ಆಗಿ ಎಷ್ಟು ದಿನವಾಯಿತು ಎಂಬುದನ್ನೇ ನೇರವಾಗಿ ಕೊಡೋಣ, ಪಕ್ಕದಲ್ಲಿ ಬೆಳೆಯ ಹೆಸರು ಕೊಡೋಣ. ಹತ್ತಿಯ ಉದ್ರಿ ಆರು ತಿಂಗಳಾದರೂ ಸಹಜ ಎಂದು ಸಾಲ ಕೊಡುವವರೇ ನೋಡಿ ತಿಳಿಯಲಿ. ಇದರಿಂದ ನಮಗಾದ ನಷ್ಟವೂ ಇದೆ: ವರದಿ ಮೊದಲಿನಷ್ಟು ನೀಟಾಗಿ ಕಾಣುವುದಿಲ್ಲ, ವಿವರಿಸಿ ಹೇಳಬೇಕಾಗುತ್ತದೆ, ಮಾತುಕತೆ ಉದ್ದವಾಗುತ್ತದೆ. ಅದು ಉದ್ದವಾಯಿತು ಕೂಡ.

ಉಳಿದದ್ದು ಸಂದೇಶ. ಬಾಕಿ ಕಟ್ಟಿ ಎಂದು ಕೇಳುವ ಸಂದೇಶವನ್ನು ನಿಲ್ಲಿಸಿ, ಮಾರಿದ ಕ್ಷಣದಲ್ಲೇ ಲೆಕ್ಕ ಹೇಳುವ ಸಂದೇಶ ಕಳಿಸಬೇಕೆಂಬುದು ಯೋಚನೆ. ಇವತ್ತು ಎಷ್ಟರ ಸಾಮಾನು ಒಯ್ದಿರಿ, ಒಟ್ಟು ಬಾಕಿ ಎಷ್ಟು, ಇಷ್ಟೇ. ಉದ್ರಿ ಒಯ್ಯುವವರಿಗೆ ಇರುವ ನಿಜವಾದ ಆತಂಕ ಪುಸ್ತಕದಲ್ಲಿ ಎಷ್ಟು ಬರೆದುಕೊಂಡಿದ್ದಾರೋ ಎಂಬುದು. ಅಂಗಡಿಯವರಿಗೆ ಸುಗ್ಗಿಯಲ್ಲಿ ಆಗುವ ತಕರಾರು ತಪ್ಪಿದರೆ ಸಾಕು. ಈ ಸಂದೇಶ ಇಬ್ಬರ ಮರ್ಯಾದೆಯನ್ನೂ ಉಳಿಸುತ್ತದೆ.

ಅದು ಕನ್ನಡದಲ್ಲೇ ಇರಬೇಕು ಎಂದಾಗ ಖರ್ಚಿನ ಪ್ರಶ್ನೆ ಬಂತು, ಮತ್ತು ಇಲ್ಲಿ ನನ್ನ ಎಂಜಿನಿಯರಿಂಗ್ ಕೆಲಸಕ್ಕೆ ಬಂತು. ಇಂಗ್ಲಿಷ್ ಅಕ್ಷರಗಳ ಎಸ್‌ಎಂಎಸ್ ಒಂದರಲ್ಲಿ 160 ಅಕ್ಷರ ಹಿಡಿಸುತ್ತವೆ. ಕನ್ನಡದಂಥ ಲಿಪಿಗೆ ಯೂನಿಕೋಡ್ ಬೇಕು, ಆಗ ಒಂದು ಎಸ್‌ಎಂಎಸ್‌ನ ಮಿತಿ 70ಕ್ಕೆ ಇಳಿಯುತ್ತದೆ. 70 ದಾಟಿದರೆ ಸಂದೇಶ ಭಾಗವಾಗುತ್ತದೆ, ಒಂದೊಂದು ಭಾಗಕ್ಕೂ 67ರ ಮಿತಿ, ಒಂದೊಂದು ಭಾಗಕ್ಕೂ ದುಡ್ಡು. ಅದರ ಮೇಲೆ ಕೊಂಬು, ಗುಡಿಸು, ಒತ್ತು ಎಲ್ಲವೂ ಬೇರೆ ಬೇರೆ ಎಣಿಕೆಗೆ ಬರುತ್ತವೆ. ‘ಒಟ್ಟು’ ಎಂದು ಬರೆದರೆ ಕಣ್ಣಿಗೆ ಎರಡು ಅಕ್ಷರ, ಎಣಿಕೆಯಲ್ಲಿ ಐದು. ‘ಮಾನ್ಯ ಗ್ರಾಹಕರೇ’ ಎಂದು ಶುರುವಾಗಿ ‘ವಿನಂತಿಸುತ್ತೇವೆ’ ಎಂದು ಮುಗಿಯುವ ಕಚೇರಿ ಕನ್ನಡದ ಸಂದೇಶ ಮೂರು ಭಾಗ ಆಗುತ್ತಿತ್ತು. ಅದಕ್ಕೇ ಕನ್ನಡ ದುಬಾರಿ, ಇಂಗ್ಲಿಷೇ ಸಾಕು ಎಂಬ ಮಾತು ನಮ್ಮಲ್ಲಿ ಬೇರೂರಿತ್ತು.

ಅಂಗಡಿ ಕಟ್ಟೆಯ ಮೇಲೆ ಆಡುವ ಮಾತಿನಲ್ಲೇ ಬರೆದು ಎಣಿಸಿದೆ:

“ಇಂದು: ₹2,350. ಒಟ್ಟು ಬಾಕಿ: ₹18,400.”

ಚಿಹ್ನೆ, ಅಂಕಿ, ನಡುವಿನ ಜಾಗ ಎಲ್ಲ ಸೇರಿ 34. ಅಂಗಡಿಯ ಹೆಸರಿಗೆ ಇನ್ನೂ 36 ಉಳಿಯುತ್ತದೆ. ಕನ್ನಡದ ಸಂದೇಶ ಒಂದೇ ಭಾಗದಲ್ಲಿ, ಇಂಗ್ಲಿಷಿನಷ್ಟೇ ಖರ್ಚಿನಲ್ಲಿ ಮುಗಿಯಿತು. ಟ್ರಾಯ್ 2018ರಲ್ಲಿ ತಂದ ನಿಯಮದಂತೆ ವ್ಯಾಪಾರದ ಸಂದೇಶಗಳ ಪಠ್ಯವನ್ನು ಡಿಎಲ್‌ಟಿ ವೇದಿಕೆಯಲ್ಲಿ ಮೊದಲೇ ನೋಂದಾಯಿಸಬೇಕು, ಆಮೇಲೆ ಅಂಕಿ ಹೆಸರುಗಳ ಜಾಗ ಬಿಟ್ಟು ಬೇರೇನನ್ನೂ ಬದಲಿಸುವಂತಿಲ್ಲ. ಹಾಗಾಗಿ ಪಠ್ಯವನ್ನು ನೋಂದಣಿಗೆ ಕಳಿಸುವ ಮೊದಲು ಅಂಗಡಿಯಲ್ಲಿ ಕೂತವರಿಗೆ ಓದಿಸಿ, ಓದು ಬಾರದವರಿಗೆ ಓದಿ ಹೇಳಿ, ‘ಬಾಕಿ’ ಎಂಬ ಮಾತು ನೋಯಿಸುತ್ತದೆಯೇ ಎಂದು ಕೇಳಿದೆವು. ನೋಯಿಸುವುದಿಲ್ಲ ಎಂದರು. ಕಟ್ಟಿರಿ ಎಂದಾಗ ನೋಯಿಸುತ್ತದೆ ಎಂದರು.

ಫಲದ ಮಾತಿಗೆ ಬರುತ್ತೇನೆ. ರಿಕ್ರೂಟರ್‌ಗಳು ಇಲ್ಲಿ ಒಂದು ಶೇಕಡಾ ಅಂಕಿ ಬಯಸುತ್ತಾರೆ ಎಂದು ಗೊತ್ತು. ವಸೂಲಿ ಇಷ್ಟು ಹೆಚ್ಚಿತು ಎಂದು ಬರೆಯಲು ನನಗೆ ಅವಕಾಶವೂ ಇತ್ತು. ಈ ಬದಲಾವಣೆ ಹೊರಬಂದದ್ದು ಸುಗ್ಗಿಗೆ ಸ್ವಲ್ಪ ಮೊದಲು, ಸುಗ್ಗಿಯಲ್ಲಿ ವಸೂಲಿ ಹೆಚ್ಚೇ ಹೆಚ್ಚುತ್ತದೆ. ನಾವು ಏನೂ ಮಾಡದಿದ್ದರೂ ಹೆಚ್ಚುತ್ತಿತ್ತು. ಹಿಂದಿನ ವರ್ಷದ ಅದೇ ತಿಂಗಳುಗಳಿಗೆ ಹೋಲಿಸೋಣ ಎಂದರೆ ಮಳೆ ಬೇರೆ, ಹತ್ತಿಯ ದರ ಬೇರೆ. ಆದ್ದರಿಂದ ವಸೂಲಿಯ ಅಂಕಿಯನ್ನು ನನ್ನ ಹೆಸರಿಗೆ ಬರೆದುಕೊಳ್ಳುವುದಿಲ್ಲ ಎಂದು ಗಟ್ಟಿ ಮಾಡಿದೆ.

ಋತುವಿಗೆ ಅಷ್ಟಾಗಿ ಜಗ್ಗದ ಎರಡು ಸಂಗತಿಗಳನ್ನು ನೋಡಿದೆ. ಸಂದೇಶವನ್ನು ಬಂದ್ ಮಾಡದೆ ಇಟ್ಟುಕೊಂಡ ಅಂಗಡಿಗಳು ಎಷ್ಟು ಎಂಬುದು ಒಂದು. ಇನ್ನೊಂದು ನನಗೆ ಹೆಚ್ಚು ಪ್ರಿಯವಾದದ್ದು. ಬಿಲ್‌ನ ದಿನಕ್ಕೂ ಅದನ್ನು ಆ್ಯಪ್‌ನಲ್ಲಿ ಬರೆದ ಗಳಿಗೆಗೂ ಇರುವ ಅಂತರ. ಮೊದಲು ವಾರದ ಉದ್ರಿಯನ್ನೆಲ್ಲ ಭಾನುವಾರ ರಾತ್ರಿ ಕೂತು ಪುಸ್ತಕ ನೋಡಿ ಒಟ್ಟಿಗೆ ತುಂಬುತ್ತಿದ್ದರು. `created_at` ನೋಡಿದರೆ ಹತ್ತಾರು ಸಾಲುಗಳು ಒಂದೇ ಗಂಟೆಯಲ್ಲಿ ಬಿದ್ದಿರುತ್ತಿದ್ದವು. ಹಾಗಿದ್ದಾಗ ನಿಜವಾದ ಲೆಕ್ಕ ಪುಸ್ತಕದಲ್ಲೇ ಇದೆ, ಆ್ಯಪ್ ಅದರ ನಕಲು. ಹೊಸ ಸಂದೇಶ ಬಂದ ಮೇಲೆ ಸಾಮಾನು ಒಯ್ಯುವವರು ಮೊಬೈಲ್ ಸದ್ದಾಗುವ ತನಕ ಕೌಂಟರ್ ಬಿಡದೆ ನಿಲ್ಲತೊಡಗಿದರು, ಅಂಗಡಿಯವರು ಆಗಲೇ ಬರೆಯಬೇಕಾಯಿತು. ಎರಡೂ ಅಳತೆಗಳು ಒಳ್ಳೆಯ ಕಡೆಗೇ ತಿರುಗಿದವು. ಅಂಕಿಗಳು ಸಂಸ್ಥೆಯವು, ಇಲ್ಲಿ ಕೊಡಲಾರೆ. ಹೇಗೆ ಅಳೆದೆ ಎಂಬುದನ್ನು ಯಾರು ಕೇಳಿದರೂ ಹೇಳುತ್ತೇನೆ.

ಇನ್ನು ಯಾರ ಪಾಲು ಎಷ್ಟು. ಆಗ ನಮ್ಮ ತಂಡಕ್ಕೆ ಪ್ರಾಡಕ್ಟ್ ಮ್ಯಾನೇಜರ್ ಒಬ್ಬರಿದ್ದರು. ಈ ಕೆಲಸವನ್ನು ಆ ತ್ರೈಮಾಸಿಕದ ಪಟ್ಟಿಗೆ ಸೇರಿಸಲು, ಬೇರೆ ಎರಡು ಕೆಲಸಗಳನ್ನು ಹಿಂದಕ್ಕೆ ಹಾಕಲು ಜವಾಬ್ದಾರಿ ಹೊತ್ತವರು ಅವರು. ಮಾರಾಟ ವಿಭಾಗದ ಜೊತೆ ಕೊನೆಯ ಮಾತು ಆಡಿದ್ದೂ ಅವರೇ. ಕೋಡ್ ಬಹುಪಾಲು ಬರೆದವರು ನನ್ನ ಇಬ್ಬರು ಕಿರಿಯ ಸಹೋದ್ಯೋಗಿಗಳು. ನನ್ನ ಪಾಲು ಇಷ್ಟು: ಸುಳಿವು ಹಿಡಿದದ್ದು, ಅಂಗಡಿಯಲ್ಲಿ ಕೂತದ್ದು, ಪಂಚಾಂಗ ಬೇಡವೆಂದು ಕಾರಣ ಸಮೇತ ಬರೆದುಕೊಟ್ಟದ್ದು, ಸಂದೇಶದ ಪಠ್ಯ, ಅಳತೆಯ ರೀತಿ. ಇದನ್ನು ‘ಮುನ್ನಡೆಸಿದೆ’ ಎಂದು ಒಂದೇ ಮಾತಿನಲ್ಲಿ ಬರೆದರೆ ರಿಕ್ರೂಟರ್‌ಗೆ ಇಷ್ಟವಾಗಬಹುದು; ಆ ಇಬ್ಬರು ಕಿರಿಯರು ಓದಿದಾಗ ನನ್ನ ಮೇಲಿನ ನಂಬಿಕೆ ಕಡಿಮೆಯಾಗುತ್ತದೆ. ನಾಳೆ ಅಧಿಕಾರವಿಲ್ಲದೆ ಜನರನ್ನು ಒಪ್ಪಿಸಿ ಕೆಲಸ ನಡೆಸಬೇಕಾದ ಹುದ್ದೆಗೆ ಹೋಗುವವನಿಗೆ ಆ ನಂಬಿಕೆಯೇ ಬಂಡವಾಳ.

ಯಾಕೆ ಈ ದಾರಿ ಎಂದೂ ನನ್ನನ್ನೇ ಕೇಳಿಕೊಂಡೆ. ಮನಸ್ಸಿನಲ್ಲಿ ಬಂದ ಉತ್ತರಗಳೆಲ್ಲ ಚೆಂದದವಲ್ಲ. ವಯಸ್ಸಾದಂತೆ ಕೋಡ್ ಬರೆಯುವವರಿಗೆ ಬೇಡಿಕೆ ತಗ್ಗುತ್ತದೆ ಎಂಬ ಭಯ ಇತ್ತು. ತೀರ್ಮಾನವಾಗುವ ಕೋಣೆಯಲ್ಲಿ ನನಗೂ ಕುರ್ಚಿ ಬೇಕು ಎಂಬ ಆಸೆ ಇತ್ತು. ಇವೆರಡೇ ಕಾರಣವಾಗಿದ್ದರೆ ಹೋಗಬಾರದು ಎಂದುಕೊಂಡೆ, ಯಾಕೆಂದರೆ ಈ ಕೆಲಸದ ಹೆಚ್ಚಿನ ಭಾಗ ಆ ಕುರ್ಚಿಯಲ್ಲಿ ಇಲ್ಲ. ಒಂದೇ ಮಾತನ್ನು ಮಾರಾಟದವರಿಗೆ, ಎಂಜಿನಿಯರ್‌ಗಳಿಗೆ, ಬೆಂಬಲ ತಂಡಕ್ಕೆ ಬೇರೆ ಬೇರೆ ರೀತಿ ಬರೆದು ಹೇಳುವುದಿದೆ. ಒಳ್ಳೆಯ ಯೋಚನೆ ತಂದವರಿಗೆ ಈಗ ಬೇಡ ಎನ್ನುವುದಿದೆ. ಕಾಯುವುದಿದೆ. ಕೋಡ್ ಸರಿಯೋ ತಪ್ಪೋ ಸಂಜೆಯೊಳಗೆ ಗೊತ್ತಾಗುತ್ತದೆ. ಉದ್ರಿಯ ವಿಷಯದಲ್ಲಿ ಮಾಡಿದ ತೀರ್ಮಾನ ಸರಿಯೋ ಎಂದು ತಿಳಿಯಲು ಹತ್ತಿ ಬಿಡಿಸಿ ಮುಗಿಯುವ ತನಕ ಕಾಯಬೇಕು. ಆ ಕೆಲಸ ನಡೆದ ತಿಂಗಳುಗಳಲ್ಲಿ ಇವನ್ನೆಲ್ಲ ಮಾಡಿದೆ. ಪಂಚಾಂಗ ಕಟ್ಟದೆ ಬಿಟ್ಟಾಗ ಬೇಸರವಾಗಲಿಲ್ಲ, ಹಗುರವಾಯಿತು. ಹೋಗಬಹುದು ಎಂಬ ಧೈರ್ಯ ಬಂದದ್ದು ಅದರಿಂದ.

ಸಹ ಎಂಜಿನಿಯರ್‌ಗಳಿಗೆ ಒಂದು ಮಾತು. ಎಂಜಿನಿಯರಿಂಗ್‌ನಿಂದ ಬಂದ ಪ್ರಾಡಕ್ಟ್ ಮ್ಯಾನೇಜರ್‌ಗಳ ಬಗ್ಗೆ ನಿಮಗಿರುವ ದೂರು ನನಗೆ ಗೊತ್ತು, ನಾನೂ ಮಾಡಿದ್ದೇನೆ: ತೊಂದರೆ ಹೇಳುವ ಬದಲು ಕೋಷ್ಟಕದ ರೂಪವನ್ನೇ ಬರೆದು ಕೈಗೆ ಕೊಡುತ್ತಾರೆ. ಮೇಲೆ ತೋರಿಸಿದ ಎರಡು ಸಾಲು ನಾನು ಎಂಜಿನಿಯರ್ ಆಗಿ ಬರೆದವು. ಹೊಸ ಕೆಲಸದಲ್ಲಿ ಅವನ್ನು ಬರೆಯುವುದು ನಿಮ್ಮ ಹಕ್ಕು.

ಇಷ್ಟೆಲ್ಲ ಜಾಲಿಸಿದ ಮೇಲೆ ನನ್ನ ಬಗ್ಗೆ ಬರೆದುಕೊಂಡದ್ದು ಹೀಗಿದೆ:

“ಹಳ್ಳಿಯ ಬೀಜ-ಗೊಬ್ಬರದ ಅಂಗಡಿಗಳ ಉದ್ರಿ ಲೆಕ್ಕದ ಆ್ಯಪ್‌ನಲ್ಲಿ ಬಾಕಿ ದಿನಾಂಕ ಕಡ್ಡಾಯವಾಗಿತ್ತು. ಅಂಗಡಿಯವರು ಅದನ್ನು ತುಂಬುತ್ತಿಲ್ಲ ಎಂದು ಡೇಟಾದಲ್ಲಿ ಕಂಡೆ, ಯಾಕೆ ಎಂದು ಅಂಗಡಿಯಲ್ಲಿ ತಿಳಿದೆ. ಬೆಳೆಯಿಂದ ದಿನಾಂಕ ಲೆಕ್ಕ ಹಾಕುವ ವ್ಯವಸ್ಥೆ ಕಟ್ಟಬಲ್ಲೆನಾಗಿದ್ದರೂ ಬೇಡವೆಂದು ವಾದಿಸಿದೆ. ದಿನಾಂಕ ಐಚ್ಛಿಕವಾಯಿತು, ಬಾಕಿ ಕೇಳುವ ಸಂದೇಶದ ಬದಲು ಲೆಕ್ಕ ಹೇಳುವ ಕನ್ನಡ ಸಂದೇಶ ಬಂತು. ತೀರ್ಮಾನದ ಹೊಣೆ ನಮ್ಮ ಪ್ರಾಡಕ್ಟ್ ಮ್ಯಾನೇಜರ್‌ದು, ಕೋಡ್ ತಂಡದ್ದು. ಹುಡುಕಾಟ, ಪ್ರಸ್ತಾವ, ಅಳತೆ ನನ್ನದು. ಹನ್ನೆರಡು ವರ್ಷ ಬ್ಯಾಕೆಂಡ್ ಎಂಜಿನಿಯರ್. ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ಬಲ್ಲೆ. ಸಣ್ಣ ಅಂಗಡಿ, ಕೃಷಿ, ಸಾಲ ಈ ಕ್ಷೇತ್ರಗಳಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಕೆಲಸ ಹುಡುಕುತ್ತಿದ್ದೇನೆ.”

ಜಾವಾ, ಕಾಫ್ಕಾ ಎಲ್ಲವನ್ನೂ ಕೌಶಲಗಳ ಪಟ್ಟಿಗೆ ಸರಿಸಿದ್ದೇನೆ. ಹುಡುಕುವವರಿಗೆ ಅಲ್ಲಿಯೂ ಸಿಗುತ್ತವೆ. ‘ಪ್ರಾಡಕ್ಟ್ ಮ್ಯಾನೇಜರ್’ ಎಂಬ ಹೆಸರಿನಲ್ಲಿ ನಿಗದಿಯಾದ ದಿನಕ್ಕೆ ಕೆಲಸ ಮುಗಿಸುವ ಮೇಲ್ವಿಚಾರಣೆ ಮಾತ್ರ ಇರುವ ಹುದ್ದೆಗಳು ನಮ್ಮಲ್ಲಿ ಬಹಳ ಇವೆ. ಅಂಥದಕ್ಕೆ ನಾನು ಬೇಡ. ಏನು ಕಟ್ಟಬೇಕು, ಏನು ಕಟ್ಟಬಾರದು ಎಂದು ಕೇಳುವ ಹುದ್ದೆಯಾದರೆ ಈಗಿನ ದರ್ಜೆಗಿಂತ ಒಂದು ಮೆಟ್ಟಿಲು ಕೆಳಗಿನಿಂದ ಶುರುಮಾಡಲು ಸಿದ್ಧ, ಸಂಬಳದ ಮಾತನ್ನು ಅದಕ್ಕೆ ತಕ್ಕಂತೆ ಆಡಬಹುದು. ಸಂದರ್ಶನಕ್ಕೆ ಕರೆದರೆ ಬೆಳೆ ಪಂಚಾಂಗ ಕಟ್ಟುವುದೇ ಸರಿಯಾಗಿತ್ತು ಎಂಬ ಪಕ್ಷ ಹಿಡಿದು ನನ್ನ ಜೊತೆ ವಾದ ಮಾಡಿ ನೋಡಿ. ಸದ್ಯ ಬೆಂಗಳೂರಿನಲ್ಲಿದ್ದೇನೆ, ರಾಯಚೂರಿನ ಕಡೆ ಅಂಗಡಿ ಅಂಗಡಿ ತಿರುಗಬೇಕಾದ ಕೆಲಸವಿದ್ದರೆ ಮೊದಲು ಅದಕ್ಕೇ ಬರುತ್ತೇನೆ.